ಮಲಗುವ ಕೋಣೆಯ ಮೋಲ್ಡ್ ಸೋರುತ್ತಿದೆ, ಓನರ್‌ಗೆ ಹೇಗೆ ಬರೆದರೆ ಕೆಲಸ ಆಗುತ್ತದೆ?

ತುಂಗೆ ತೀರ · ಜುಲೈ 9, ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಶಿವಮೊಗ್ಗದಲ್ಲಿ, ಬಾಡಿಗೆ ಮನೆ, ಮೊದಲ ಮಹಡಿ. ನಮ್ಮ ತಲೆ ಮೇಲೆ ತಾರಸಿ, ಅಷ್ಟೇ. ಓನರ್ ಬೆಂಗಳೂರಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ಜೂನ್ ಎರಡನೇ ವಾರದಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಅಂಗೈ ಅಗಲ ಕಲೆ ಕಾಣಿಸಿತು. ಈಗ ಅದು ಮೊರದಷ್ಟು ಅಗಲ ಆಗಿದೆ, ಮಧ್ಯದಿಂದ ತೊಟ್ಟಿಕ್ಕುತ್ತದೆ. ಹತ್ತಿ ಹಾಸಿಗೆಯ ಒಂದು ಬದಿ ಪೂರ್ತಿ ನೆನೆದು ಹೋಯಿತು, ಈ ಮಳೆಯಲ್ಲಿ ಒಣಗಿಸುವುದಾದರೂ ಎಲ್ಲಿ? ಐದು ವರ್ಷದ ಮಗಳನ್ನು ಹಾಲ್‌ನಲ್ಲಿ ಮಲಗಿಸುತ್ತಿದ್ದೇವೆ, ಅವಳಿಗೆ ಆಗಲೇ ಕೆಮ್ಮು.

ಓನರ್‌ಗೆ ನಾಲ್ಕು ಸಲ ಫೋನ್ ಮಾಡಿದೆ. "ಮಳೆಗಾಲ ಅಂದ ಮೇಲೆ ಸ್ವಲ್ಪ ಪಸೆ ಇದ್ದೇ ಇರುತ್ತದೆ, ನೋಡೋಣ" ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ 23 ಫೋಟೊ ಕಳಿಸಿದೆ. ನೋಡಿದ್ದಾರೆ, ಉತ್ತರ ಇಲ್ಲ. ಜಗಳ ಆಡುವ ಮನಸ್ಸಿಲ್ಲ, ಒಳ್ಳೆಯ ಮನೆ, ಮಗಳ ಶಾಲೆ ಪಕ್ಕದಲ್ಲೇ ಇದೆ. ಆದರೆ ಈ ಸಲ ಸರಿಯಾಗಿ ಬರೆದು ಕಳಿಸಬೇಕು ಅಂತಿದ್ದೇನೆ. ಏನೇನು ಬರೆಯಬೇಕು, ಯಾವ ಫೋಟೊ ಹಾಕಬೇಕು, ದಯವಿಟ್ಟು ಹೇಳಿ.

ರಾಜಾಜಿನಗರ ಮೂರನೇ ಮಹಡಿ · ಜುಲೈ 9

ನಮ್ಮದೂ ಇದೇ ಕಥೆ. ಮೇಲಿನ ಮನೆಯವರ ಬಾತ್‌ರೂಮ್ ಟ್ರ್ಯಾಪ್‌ನಿಂದ ಸೋರುತ್ತಿತ್ತು. ಎರಡು ವರ್ಷ ಅವರು ಒಪ್ಪಲೇ ಇಲ್ಲ, ಕೊನೆಗೆ ಅಸೋಸಿಯೇಷನ್ ಪ್ಲಂಬರ್ ಬಂದು ಟೈಲ್ಸ್ ಒಡೆದಾಗಲೇ ಗೊತ್ತಾಗಿದ್ದು. ಮೊದಲು ಮೇಲಿನ ಮನೆಯವರನ್ನು ಹಿಡಿದುಕೊಳ್ಳಿ ಮೇಡಂ, ಓನರ್ ಏನು ಮಾಡುತ್ತಾರೆ ಪಾಪ.

ತುಂಗೆ ತೀರ · ಜುಲೈ 9

ಸರ್, ನಮ್ಮ ಮೇಲೆ ಮನೆ ಇಲ್ಲ, ಬರೀ ತಾರಸಿ. ನೀರಿನ ಟ್ಯಾಂಕ್ ಇರುವುದು ಇನ್ನೊಂದು ಬದಿಯಲ್ಲಿ, ಅಡುಗೆಮನೆ ಮೇಲೆ.

ದಾವಣಗೆರೆ ಬೆಣ್ಣೆ · ಜುಲೈ 9

ಇಷ್ಟಕ್ಕೆಲ್ಲ ಪತ್ರ ಯಾಕೆ ಅಕ್ಕ? ಮೇಸ್ತ್ರಿ ಕರೆದು ತಾರಸಿಗೆ ವಾಟರ್ ಪ್ರೂಫ್ ಪೇಂಟ್ ಎರಡು ಕೋಟ್ ಹೊಡೆಸಿ, ಒಳಗಡೆ ಕಲೆ ಮೇಲೂ ಡ್ಯಾಂಪ್ ಪೇಂಟ್ ಹೊಡೆಸಿ. ಬಿಲ್ ಇಟ್ಟುಕೊಂಡು ಮುಂದಿನ ತಿಂಗಳ ಬಾಡಿಗೆಯಲ್ಲಿ ಮುರಿದುಕೊಳ್ಳಿ. ಕಾನೂನಿನಲ್ಲೇ ಇದೆ. ನಮ್ಮ ಭಾವ ಹಾಗೇ ಮಾಡಿದ್ದು.

ಹಳೇ ಸೈಟ್ ಇಂಜಿನಿಯರ್ · ಜುಲೈ 9, ರಾತ್ರಿ

ಅಮ್ಮಾ, ಯಾರಿಗೂ ದುಡ್ಡು ಕೊಡುವ ಮೊದಲು ಇಷ್ಟು ಹೇಳಿ. ಮಳೆ ಶುರುವಾದ ಎಷ್ಟು ಹೊತ್ತಿಗೆ ತೊಟ್ಟಿಕ್ಕಲು ಶುರುವಾಗುತ್ತದೆ? ಮಳೆ ನಿಂತ ಮೇಲೆ ಎಷ್ಟು ಹೊತ್ತು ಇರುತ್ತದೆ? ಮಳೆಯೇ ಇಲ್ಲದ ದಿನ ಹೇಗಿರುತ್ತದೆ? ಕಲೆ ಕೋಣೆಯ ನಡುವಿದೆಯಾ, ಗೋಡೆ ಸೇರುವ ಕಡೆ ಇದೆಯಾ? ಅದರ ನೇರ ಮೇಲೆ ತಾರಸಿಯಲ್ಲಿ ಏನಿದೆ?

ನೀವು ದಿನಾಂಕ ಬರೆದಿದ್ದೀರಿ, ಒಳ್ಳೆಯದು. ಆದರೆ ಸೋರುವ ವಿಷಯದಲ್ಲಿ ದಿನಾಂಕಕ್ಕಿಂತ ಗಂಟೆ ಜಾಸ್ತಿ ಹೇಳುತ್ತದೆ.

ದಾವಣಗೆರೆಯವರೇ, ಈಗ ಪೇಂಟ್ ಹೊಡೆದರೆ ನಿಲ್ಲುವುದಿಲ್ಲ. ಮೋಲ್ಡ್ ಒಳಗೆ ನೀರು ಕುಡಿದು ಕೂತಿದೆ. ಒದ್ದೆ ಮೇಲೆ ಹೊಡೆದ ಕೋಟ್ ಬಿಸಿಲು ಬಿದ್ದ ಕೂಡಲೇ ಗುಳ್ಳೆ ಎದ್ದು ಸಿಪ್ಪೆಯ ಹಾಗೆ ಬರುತ್ತದೆ. ಒಳಗಿಂದ ಪೇಂಟ್ ಹೊಡೆಯುವುದು ಇನ್ನೂ ತಪ್ಪು. ಕಲೆ ಕಾಣುವುದಿಲ್ಲ, ನೀರು ಮಾತ್ರ ಒಳಗೇ ಉಳಿದು ಕಬ್ಬಿಣ ತಿನ್ನುತ್ತದೆ. ಅದೂ ಅಲ್ಲದೆ ಓನರ್‌ಗೆ ತೋರಿಸಲು ಇರುವ ಸಾಕ್ಷಿಯನ್ನೇ ಮುಚ್ಚಿದ ಹಾಗಾಗುತ್ತದೆ.

ತುಂಗೆ ತೀರ · ಜುಲೈ 10, ಬೆಳಗ್ಗೆ

ಸರ್, ನಮ್ಮ ಅತ್ತೆ ಕ್ಯಾಲೆಂಡರ್ ಮೇಲೆ ಮಳೆ ಗುರುತು ಹಾಕುತ್ತಾರೆ, ಹಾಗಾಗಿ ಸರಿಯಾಗಿ ಹೇಳಬಲ್ಲೆ.

ಜೂನ್ 12, ಮೊದಲ ಸಲ ಕಲೆ ಕಂಡಿದ್ದು. ತೊಟ್ಟು ಇರಲಿಲ್ಲ. ಜೂನ್ 24, ಆರಿದ್ರಾ ಮಳೆ, ರಾತ್ರಿ 9ಕ್ಕೆ ಜೋರಾಗಿ ಶುರುವಾಯಿತು. ಹಾಸಿಗೆ ಮೇಲೆ ನೀರು ಬಿದ್ದು ಎಚ್ಚರವಾದಾಗ ಮೊಬೈಲ್ ನೋಡಿದೆ, 1 ಗಂಟೆ ದಾಟಿತ್ತು. ಜುಲೈ 3, ಸಂಜೆ 5ಕ್ಕೆ ಮಳೆ ಬಂದು 7ಕ್ಕೆ ನಿಂತಿತು. ತೊಟ್ಟಿಕ್ಕಲು ಶುರುವಾಗಿದ್ದೇ ಎಂಟೂವರೆಗೆ, ಅಂದರೆ ಮಳೆ ನಿಂತ ಮೇಲೆ! ಮರುದಿನ ಬೆಳಗ್ಗೆ 10ರವರೆಗೂ ಬೀಳುತ್ತಿತ್ತು. ಅಂದು ರಾತ್ರಿ ಇಟ್ಟ ಸ್ಟೀಲ್ ಬೋಗುಣಿ ಬೆಳಗ್ಗೆ ತುಂಬಿತ್ತು, ಸುಮಾರು ಒಂದು ಲೀಟರ್ ಹಿಡಿಯುವಂಥದ್ದು. ಜುಲೈ 6ರಿಂದ 8ರವರೆಗೆ ಮಳೆ ಇರಲಿಲ್ಲ, ತೊಟ್ಟೂ ಇರಲಿಲ್ಲ, ಕಲೆಯ ಅಂಚು ಒಣಗಿ ಬಿಳಿ ಪುಡಿ ಎದ್ದಿತ್ತು.

ಕಲೆ ಇರುವುದು ಎರಡು ಗೋಡೆ ಸೇರುವ ಮೂಲೆಯಲ್ಲಿ. ಮೇಲೆ ಏನಿದೆ ಅಂತ ನೋಡಿಲ್ಲ, ತಾರಸಿಯ ಬೀಗದ ಕೈ ಕೆಳಗಿನ ಮನೆಯವರ ಹತ್ತಿರ ಇದೆ.

ಹಳೇ ಸೈಟ್ ಇಂಜಿನಿಯರ್ · ಜುಲೈ 10

ನಿಮ್ಮ ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಕ್ಯಾಲೆಂಡರ್ ಇಲ್ಲದಿದ್ದರೆ ನಾವು ಸುಮ್ನೆ ಊಹೆ ಮಾಡುತ್ತಾ ಕೂರಬೇಕಿತ್ತು.

ಪೈಪೋ ಟ್ಯಾಂಕೋ ಒಡೆದಿದ್ದರೆ ಮಳೆ ಇಲ್ಲದ ಆ ಮೂರು ದಿನವೂ ಸೋರಬೇಕಿತ್ತು, ಸೋರಿಲ್ಲ. ದೊಡ್ಡ ಬಿರುಕು ಇದ್ದಿದ್ದರೆ ಮಳೆ ಬಂದ ಸ್ವಲ್ಪ ಹೊತ್ತಿಗೇ ಬಿದ್ದು, ಮಳೆ ನಿಂತ ಮೇಲೆ ಬೇಗ ನಿಲ್ಲುತ್ತಿತ್ತು. ನಿಮ್ಮಲ್ಲಿ ಶುರುವಾಗುವುದೂ ತಡ, ನಿಲ್ಲುವುದೂ ತಡ. ಮೇಲೆ ಎಲ್ಲೋ ನೀರು ನಿಂತು ನಿಧಾನಕ್ಕೆ ಇಳಿಯುತ್ತಿದೆ ಅಂತಲೇ ನನಗೆ ಅನಿಸುತ್ತಿದೆ. ಮೂಲೆ ಅಂದಿರಿ. ಮಳೆನೀರು ಇಳಿದು ಹೋಗುವ ಪೈಪಿನ ಬಾಯಿ ಸಾಮಾನ್ಯವಾಗಿ ಮೂಲೆಯಲ್ಲೇ ಇರುತ್ತದೆ. ಬೀಗ ತೆಗೆಸಿ, ಹಗಲಲ್ಲಿ, ಮಳೆ ಇಲ್ಲದಾಗ ಒಮ್ಮೆ ಹತ್ತಿ ನೋಡಿ. ಪಾಚಿ ಇರುತ್ತದೆ, ಜೋಪಾನ. ಹೋಗುವಾಗ ಫೋಟೊ ತೆಗೆಯುವುದು ಮರೆಯಬೇಡಿ, ಏನನ್ನೂ ಕ್ಲೀನ್ ಮಾಡುವ ಮೊದಲೇ ತೆಗೆಯಿರಿ.

ಇನ್ನೊಂದು ಮಾತು. ಆ ಮೂಲೆಯ ಹತ್ತಿರ ಫ್ಯಾನ್ ಅಥವಾ ಲೈಟ್ ಪಾಯಿಂಟ್ ಇದ್ದರೆ ಆ ಕೋಣೆಯ ಎಂಸಿಬಿ ಈಗಲೇ ಆಫ್ ಮಾಡಿ.

ತುಂಗೆ ತೀರ · ಜುಲೈ 10, ಸಂಜೆ

ಹತ್ತಿ ನೋಡಿದೆ ಸರ್. ನೀವು ಹೇಳಿದ ಹಾಗೇ ಇದೆ. ಕಲೆಯ ನೇರ ಮೇಲೆ ಪೈಪಿನ ಬಾಯಿ. ಪಕ್ಕದ ಮನೆಯ ಹೊಂಗೆ ಮರದ ಎಲೆಯೆಲ್ಲ ಬಂದು ಜಾಲರಿ ಮೇಲೆ ಕೊಳೆತು ಕಪ್ಪು ಕೆಸರಾಗಿ ಕೂತಿದೆ. ಮೂಲೆಯಲ್ಲಿ ಎರಡು ಬೆರಳಿನಷ್ಟು ನೀರು ನಿಂತಿತ್ತು. ಫೋಟೊ ತೆಗೆದು, ಆಮೇಲೆ ಕೋಲಿನಿಂದ ಕೆದಕಿದೆ, ಗಳಗಳ ಅಂತ ಸದ್ದು ಮಾಡಿಕೊಂಡು ನೀರೆಲ್ಲ ಇಳಿಯಿತು. ನೀರು ಹೋದ ಮೇಲೆ ನೋಡಿದರೆ ಪೈಪಿನ ಸುತ್ತ ಗಾರೆ ಬಿಟ್ಟುಕೊಂಡಿದೆ, ನನ್ನ ಕಿರುಬೆರಳಿನ ಉಗುರು ಹೋಗುವಷ್ಟು ಸಂದು. ಅಲ್ಲೊಂದು ಚಿಕ್ಕ ಅರಳಿ ಗಿಡ ಬೇರೆ ಹುಟ್ಟಿದೆ.

ಲೈಟ್ ಪಾಯಿಂಟ್ ಎರಡಡಿ ದೂರದಲ್ಲಿದೆ. ಎಂಸಿಬಿ ಆಫ್ ಮಾಡಿದೆ.

ಹಳೇ ಸೈಟ್ ಇಂಜಿನಿಯರ್ · ಜುಲೈ 10

ಗಿಡ ಕಿತ್ತರೆ ಬೇರು ಒಳಗೇ ಉಳಿದು ಸಂದು ದೊಡ್ಡದಾಗಬಹುದು, ಮೇಸ್ತ್ರಿ ಬರುವವರೆಗೆ ಕೈ ಹಾಕಬೇಡಿ.

ಎಷ್ಟು ನೀರಿನ ಲೆಕ್ಕ ಇದು ಅಂತ ಓನರ್‌ಗೆ ಅರ್ಥವಾಗಬೇಕಾದರೆ ಹೀಗೆ ಹೇಳಿ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 30x40 ತಾರಸಿ ಅಂದರೆ ಸುಮಾರು 110 ಚದರ ಮೀಟರ್. 50 ಮಿಲಿಮೀಟರ್ ಮಳೆ ಬಂದ ದಿನ ಐದೂವರೆ ಸಾವಿರ ಲೀಟರ್ ನೀರು ಆ ಪೈಪುಗಳಲ್ಲೇ ಇಳಿಯಬೇಕು. ಬಾಯಿ ಕಟ್ಟಿದರೆ ಅದೆಲ್ಲ ಎಲ್ಲಿಗೆ ಹೋಗಬೇಕು?

ಕುಡ್ಲದ ಅಣ್ಣ · ಜುಲೈ 10

ನಮ್ಮ ಮಂಗಳೂರು ಕಡೆ ಇದಕ್ಕೆಲ್ಲ ಒಂದೇ ಮದ್ದು, ತಾರಸಿ ಮೇಲೆ ಕಬ್ಬಿಣದ ಟ್ರಸ್ ಕಟ್ಟಿ ಶೀಟ್ ಹಾಕುವುದು. ಬಟ್ಟೆ ಒಣಗಿಸಲಿಕ್ಕೂ ಆಯಿತು, ಅಡಿಕೆ ಹರಡಲಿಕ್ಕೂ ಆಯಿತು. ಆ ಕೋಟ್ ಈ ಕೋಟ್ ಎಲ್ಲ ನಾಲ್ಕು ಮಳೆಗಾಲ ನಿಲ್ಲುವುದಿಲ್ಲ ಮಾರಾಯ್ರೆ.

ಹಳೇ ಸೈಟ್ ಇಂಜಿನಿಯರ್ · ಜುಲೈ 10

ನಿಮ್ಮ ಮಳೆಗೆ ಅದು ಸರಿ. ಆದರೆ ಒಂದು ಪೈಪಿನ ಬಾಯಿ ಸರಿಮಾಡುವುದಕ್ಕೆ ಬಾಡಿಗೆದಾರರು ಶೀಟ್ ಕೇಳಿದರೆ ಓನರ್ ಆ ಖರ್ಚು ನೋಡಿ ಇಡೀ ಕೆಲಸವನ್ನೇ ಮುಂದೂಡುತ್ತಾರೆ.

ಎರಡು ಮನೆ ಓನರ್, ಮೈಸೂರು · ಜುಲೈ 11

ನಾನು ಮನೆ ಬಾಡಿಗೆಗೆ ಕೊಟ್ಟಿರುವವನು, ಆ ಕಡೆಯಿಂದ ಒಂದು ಮಾತು. 23 ಫೋಟೊ ಅಂದಿರಲ್ಲ, ನನಗೂ ಹೀಗೆ ಬರುತ್ತವೆ. ಎಲ್ಲ ಹತ್ತಿರದಿಂದ ತೆಗೆದ ಕಂದು ಕಲೆ, ಯಾವ ಕೋಣೆ, ಎಷ್ಟು ದೊಡ್ಡದು, ಹೊಸದಾ ಹಳೆಯದಾ ಒಂದೂ ಗೊತ್ತಾಗುವುದಿಲ್ಲ. ಕೆಳಗೆ "ಸರ್ ನೋಡಿ" ಅಂತ ಇರುತ್ತದೆ. ನಾನು ನೋಡುತ್ತೇನೆ, ಬೇಜಾರಾಗುತ್ತದೆ, ಆದರೆ ಯಾರಿಗೆ ಫೋನ್ ಮಾಡಿ ಏನು ಮಾಡಿಸಬೇಕು ಅಂತ ತಿಳಿಯದೆ ಆ ದಿನ ಕಳೆದು ಹೋಗುತ್ತದೆ.

ಹೋದ ವರ್ಷ ನಮ್ಮ ಬಾಡಿಗೆದಾರ ಹುಡುಗನೊಬ್ಬ ನಾಲ್ಕೇ ಫೋಟೊ ಕಳಿಸಿದ. ಮೊದಲನೆಯದು ಬಾಗಿಲಲ್ಲಿ ನಿಂತು ಇಡೀ ಕೋಣೆ. ಎರಡನೆಯದು ಕಲೆ, ಪಕ್ಕದಲ್ಲಿ ಮಗನ ಶಾಲೆಯ ಸ್ಕೇಲ್ ಅಂಟಿಸಿದ್ದ. ಮೂರನೆಯದರಲ್ಲಿ ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆದಿದ್ದ. ನಾಲ್ಕನೆಯದರಲ್ಲಿ, ಐದು ದಿನ ಆದ ಮೇಲೆ, ಅದೇ ಜಾಗ, ಕಲೆ ಆ ಗೆರೆ ದಾಟಿ ಒಂದು ಗೇಣು ಆಚೆ ಹೋಗಿತ್ತು. ಕೊನೆಗೆ ಒಂದು ಸಾಲು: "ಶನಿವಾರದೊಳಗೆ ಮೇಸ್ತ್ರಿ ಕಳಿಸುತ್ತೀರಾ?" ನಾನು ಅವತ್ತೇ ಮೇಸ್ತ್ರಿಗೆ ಫೋನ್ ಮಾಡಿದೆ.

ತುಂಗೆ ತೀರ · ಜುಲೈ 11

ಪೆನ್ಸಿಲ್ ಗೆರೆ ತುಂಬಾ ಇಷ್ಟವಾಯಿತು ಸರ್. ಈಗಲೇ ಸ್ಟೂಲ್ ಹಾಕಿಕೊಂಡು ಎಳೆದೆ.

ತುಮಕೂರು ವಕೀಲೆ · ಜುಲೈ 11

ಮೇಲೆ ಒಬ್ಬರು ಬಾಡಿಗೆಯಲ್ಲಿ ಮುರಿದುಕೊಳ್ಳಿ, ಕಾನೂನಿನಲ್ಲೇ ಇದೆ ಅಂದಿದ್ದಾರೆ. ಅರ್ಧ ನಿಜ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂನಲ್ಲಿ ಅಂಥದ್ದೊಂದು ಮಾತಿದೆ. ಆದರೆ ಆ ರಿಪೇರಿ ಓನರ್ ಮಾಡಲೇಬೇಕಾದದ್ದು ಆಗಿರಬೇಕು, ಬಾಡಿಗೆದಾರರು ಅದನ್ನು ಮೊದಲು ಅವರಿಗೆ ತಿಳಿಸಿರಬೇಕು, ಮಾಡಿಸಲು ಸರಿಯಾದಷ್ಟು ಸಮಯ ಕೊಟ್ಟಿರಬೇಕು, ಆಮೇಲೂ ಅವರು ಮಾಡದಿದ್ದರೆ ಮಾತ್ರ. ಓನರ್ ಏನೇನು ಮಾಡಿಸಬೇಕು ಅನ್ನುವುದು ನಿಮ್ಮ ಅಗ್ರಿಮೆಂಟ್‌ನಲ್ಲಿ ಏನಿದೆ ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಅಗ್ರಿಮೆಂಟ್ ತೆಗೆದು ರಿಪೇರಿ ಬಗ್ಗೆ ಬರೆದಿರುವ ಸಾಲನ್ನು ಓದಿ. ಸುಮ್ನೆ ಬಾಡಿಗೆ ಕಡಿಮೆ ಹಾಕಿದರೆ ನಾಳೆ ಬಾಡಿಗೆ ಬಾಕಿ ಅಂತ ನಿಮ್ಮ ಮೇಲೇ ಬರುತ್ತದೆ.

ಫೋನ್ ಮಾಡಿದ ನಾಲ್ಕು ದಿನಾಂಕ ಕಾಲ್ ಲಿಸ್ಟ್‌ನಲ್ಲಿ ಇರುತ್ತದೆ, ಅಳಿಸಿ ಹೋಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸೈಜ್ ಕುಗ್ಗುತ್ತದೆ, ತೆಗೆದ ಸಮಯದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಮೂಲ ಫೋಟೊ ನಿಮ್ಮ ಮೊಬೈಲ್‌ನಲ್ಲಿ ಹಾಗೇ ಇರಲಿ.

ದಾವಣಗೆರೆ ಬೆಣ್ಣೆ · ಜುಲೈ 11

ಸರಿ ಮೇಡಂ, ಒಪ್ಪಿದೆ. ನಮ್ಮ ಭಾವನ ಓನರ್ ಸ್ವಂತ ಮಾವನೇ, ಅದಕ್ಕೇ ನಡೆಯಿತೇನೋ.

ತುಂಗೆ ತೀರ · ಜುಲೈ 11, ರಾತ್ರಿ

ಅಗ್ರಿಮೆಂಟ್ ನೋಡಿದೆ. ಸಣ್ಣಪುಟ್ಟ ರಿಪೇರಿ ನಮ್ಮದು, ಕಟ್ಟಡದ ದೊಡ್ಡ ರಿಪೇರಿ ಓನರ್‌ದು ಅಂತಿದೆ. ಹೀಗೆ ಬರೆದಿದ್ದೇನೆ, ನೋಡಿ ಹೇಳಿ.

"ಸರ್, ನಮಸ್ಕಾರ. ನಿಮ್ಮ ಶಿವಮೊಗ್ಗ ಮನೆಯ ಮೊದಲ ಮಹಡಿಯಲ್ಲಿ ಮಲಗುವ ಕೋಣೆಯ ಛಾವಣಿ, ರಸ್ತೆ ಕಡೆಯ ಮೂಲೆಯಲ್ಲಿ, ಸೋರುತ್ತಿದೆ. ಜೂನ್ 12ರಂದು ಕಲೆ ಕಂಡಿತು. ಜೂನ್ 24 ಮತ್ತು ಜುಲೈ 3ರಂದು ತೊಟ್ಟಿಕ್ಕಿತು. ಜುಲೈ 3ರ ರಾತ್ರಿಯಿಂದ ಮರುದಿನ ಬೆಳಗ್ಗೆವರೆಗೆ ಒಂದು ಲೀಟರ್‌ನಷ್ಟು ನೀರು ಬಿತ್ತು. ಮಳೆ ಇಲ್ಲದ ದಿನ ಸೋರುವುದಿಲ್ಲ. ಈ ಬಗ್ಗೆ ನಿಮಗೆ ಜೂನ್ 13, 25, 28 ಮತ್ತು ಜುಲೈ 4ರಂದು ಫೋನ್ ಮಾಡಿದ್ದೆ.

ಜುಲೈ 10ರಂದು ತಾರಸಿ ಹತ್ತಿ ನೋಡಿದೆ. ಕಲೆಯ ನೇರ ಮೇಲೆ ಮಳೆನೀರಿನ ಪೈಪಿನ ಬಾಯಿ ಎಲೆ ಕಟ್ಟಿ ನೀರು ನಿಂತಿತ್ತು. ಎಲೆ ತೆಗೆದಿದ್ದೇನೆ. ಪೈಪಿನ ಸುತ್ತ ಗಾರೆ ಬಿಟ್ಟಿದೆ, ಅದು ನನ್ನಿಂದ ಆಗುವ ಕೆಲಸ ಅಲ್ಲ. ಐದು ಫೋಟೊ ಕಳಿಸಿದ್ದೇನೆ: ಇಡೀ ಕೋಣೆ, ಸ್ಕೇಲ್ ಇಟ್ಟ ಕಲೆ, ದಿನಾಂಕದ ಗೆರೆ, ಎಲೆ ತೆಗೆಯುವ ಮೊದಲು ಪೈಪಿನ ಬಾಯಿ, ತೆಗೆದ ಮೇಲೆ ಸಂದು.

ದಯವಿಟ್ಟು ಜುಲೈ 16ರೊಳಗೆ ಮೇಸ್ತ್ರಿಯನ್ನು ಕಳಿಸಿ ಪೈಪಿನ ಸುತ್ತಲಿನ ಸಂದು ಮುಚ್ಚಿಸಿ. ಹಾಗೆಯೇ ಒಬ್ಬ ಎಲೆಕ್ಟ್ರಿಷಿಯನ್ ಕೋಣೆಯ ಲೈನ್ ನೋಡಬೇಕು, ಈಗ ಆಫ್ ಮಾಡಿದ್ದೇವೆ. ತಾರಸಿಗೆ ಪೂರ್ತಿ ವಾಟರ್ ಪ್ರೂಫಿಂಗ್ ಮಳೆಗಾಲ ಮುಗಿದ ಮೇಲೆ ಮಾಡಿಸುವಿರಾದರೆ ಯಾವ ತಿಂಗಳು ಅಂತ ತಿಳಿಸಿ. ಯಾವ ದಿನ ಬಂದರೂ ಬೀಗ ತೆಗೆಸಿ ಮನೆಯಲ್ಲಿ ಇರುತ್ತೇನೆ. ಉತ್ತರವನ್ನು ಇಲ್ಲೇ ಬರೆದು ಕಳಿಸಿದರೆ ಅನುಕೂಲ."

ಹಾಸಿಗೆ ಹಾಳಾದದ್ದು, ಮಗಳ ಕೆಮ್ಮು ಎಲ್ಲ ಬರೆಯಬೇಕು ಅನಿಸಿತು, ಬಿಟ್ಟಿದ್ದೇನೆ.

ಎರಡು ಮನೆ ಓನರ್, ಮೈಸೂರು · ಜುಲೈ 11

ಇದು ಬಂದರೆ ನಾನು ಕೂಡಲೇ ಕಳಿಸುತ್ತೇನೆ. ಮೇಸ್ತ್ರಿಗೆ ಹಾಗೇ ಫಾರ್ವರ್ಡ್ ಮಾಡಿದರೂ ಅವನಿಗೆ ಏನು ಸಾಮಾನು ತರಬೇಕು ಅಂತ ಗೊತ್ತಾಗುತ್ತದೆ.

ತುಮಕೂರು ವಕೀಲೆ · ಜುಲೈ 11

ಹಾಸಿಗೆ ಒಂದು ಸಾಲು ಸೇರಿಸಿ, ಫೋಟೊ ಸಮೇತ. ದುಡ್ಡು ಈಗಲೇ ಕೇಳದಿದ್ದರೂ ಪರವಾಗಿಲ್ಲ, ಆಮೇಲೆ ಅಡ್ವಾನ್ಸ್ ವಾಪಸ್ ಕೊಡುವಾಗ ಗೋಡೆ ಕಲೆ ನಿಮ್ಮಿಂದ ಆಗಿದ್ದು ಅಂತ ಮುರಿದುಕೊಳ್ಳಲು ಬಂದರೆ ಈ ಪತ್ರವೇ ಉತ್ತರ.

ಎರಡು ಮನೆ ಓನರ್, ಮೈಸೂರು · ಜುಲೈ 12

ಹಾಸಿಗೆ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಮೊದಲ ಪತ್ರದಲ್ಲೇ ನಷ್ಟದ ಮಾತು ಬಂದರೆ ಓನರ್ ಮನಸ್ಸು ರಿಪೇರಿ ಬಿಟ್ಟು ದುಡ್ಡಿನ ಕಡೆ ಹೋಗುತ್ತದೆ.

ತುಂಗೆ ತೀರ · ಜುಲೈ 12

ಎರಡೂ ಸರಿ ಅನಿಸಿತು. ಹಾಸಿಗೆ ನೆನೆದಿದೆ ಅಂತ ಮಾತ್ರ ಬರೆದು ಕಳಿಸಿದೆ. ಬೆಳಗ್ಗೆ 9:40ಕ್ಕೆ ಕಳಿಸಿದ್ದು, ಮಧ್ಯಾಹ್ನವೇ ಉತ್ತರ ಬಂತು! "ಇಷ್ಟಾಗಿದೆ ಅಂತ ಗೊತ್ತಿರಲಿಲ್ಲಮ್ಮ, 14ಕ್ಕೆ ಮೇಸ್ತ್ರಿ ಬರುತ್ತಾನೆ."

ಹಳೇ ಸೈಟ್ ಇಂಜಿನಿಯರ್ · ಜುಲೈ 12

ಒಳ್ಳೆಯದಾಯಿತು. ಮೇಸ್ತ್ರಿ ಬಂದಾಗ ಬರೀ ಮೇಲಿಂದ ಸಿಮೆಂಟ್ ಬಳಿದು ಹೋಗಲು ಬಿಡಬೇಡಿ. ಬಿಟ್ಟುಕೊಂಡ ಗಾರೆ ಪೂರ್ತಿ ಕೆತ್ತಿ, ಗಿಡ ಬೇರು ಸಮೇತ ತೆಗೆದು, ಬ್ರಷ್‌ನಲ್ಲಿ ಉಜ್ಜಿ, ಆಮೇಲೆ ಒದ್ದೆಯಲ್ಲೂ ಬೇಗ ಗಟ್ಟಿಯಾಗುವ ಪುಡಿ ಸಿಗುತ್ತದೆ, ಅದನ್ನು ಕಲಸಿ ಪೈಪಿನ ಸುತ್ತ ತುಂಬಬೇಕು. ಆಮೇಲೆ ಆ ಮೂಲೆಗೆ ಟಾರ್ಪಾಲ್ ಹಾಸಿ, ಪೈಪಿನ ಬಾಯಿ ಮುಚ್ಚದ ಹಾಗೆ, ಒಂದು ಅಂಚನ್ನು ಪ್ಯಾರಾಪೆಟ್ ಗೋಡೆ ಮೇಲಕ್ಕೆ ಹತ್ತಿಸಿ ಇಟ್ಟಿಗೆ ಇಡಿಸಿ. ಕೆಳಗಡೆ ಕಲೆ ಇರುವ ಪ್ಲಾಸ್ಟರ್ ಮೇಲೆ ಕೋಲಿನಿಂದ ಮೆಲ್ಲಗೆ ತಟ್ಟಿಸಿ. ಡಬ್ ಡಬ್ ಅಂತ ಟೊಳ್ಳು ಸದ್ದು ಬಂದರೆ ಅದನ್ನು ಕೆಡವಿಸಿಬಿಡಿ, ರಾತ್ರಿ ತಾನಾಗಿ ಬೀಳುವುದಕ್ಕಿಂತ ಅದೇ ವಾಸಿ.

ಮಳೆಗಾಲ ಮುಗಿದು ದೊಡ್ಡ ಕೆಲಸ ಮಾಡಿಸುವಾಗ ಓನರ್‌ಗೆ ಇದೊಂದು ಹೇಳಿ. ಕೋಟ್ ಒಣಗಿದ ಮೇಲೆ ಪೈಪಿನ ಬಾಯಿ ಕಟ್ಟಿ ಎರಡು ಅಂಗುಲ ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗೆ ಪಸೆ ಇದೆಯಾ ನೋಡಬೇಕು. ಆಮೇಲೆ ಕೊನೆಯ ಕಂತು ಕೊಡಬೇಕು.

ತುಂಗೆ ತೀರ · ಜುಲೈ 22

ತಡವಾಯಿತು, ಕ್ಷಮಿಸಿ. 14ಕ್ಕೆ ಮೇಸ್ತ್ರಿ ಬಂದ. ಮೊದಲು ಮೇಲಿಂದಲೇ ಬಳಿಯುತ್ತೇನೆ ಅಂದ, ಪತ್ರ ತೋರಿಸಿದ ಮೇಲೆ ಕೆತ್ತಿದ. ಅರಳಿ ಬೇರು ಒಂದು ಗೇಣು ಉದ್ದ ಬಂತು. ಎಲೆಕ್ಟ್ರಿಷಿಯನ್ ನಾಳೆ ಬರುತ್ತಾರಂತೆ. ಮೊನ್ನೆ ಎರಡು ದಿನ ಬಿಡದೆ ಪುಷ್ಯ ಮಳೆ ಸುರಿಯಿತು. ರಾತ್ರಿ ಬೋಗುಣಿ ಇಟ್ಟಿದ್ದೆ, ಬೆಳಗ್ಗೆ ತಳದಲ್ಲಿ ಒಂದು ಬೆರಳು ನೀರು. ಕಲೆ ಒಂದು ಕಡೆ ಮಾತ್ರ ಗೆರೆ ದಾಟಿದೆ, ಉಳಿದ ಕಡೆ ಒಳಗೇ ಇದೆ. ಪೂರ್ತಿ ನಿಂತಿಲ್ಲ.

ವಾಟರ್ ಪ್ರೂಫಿಂಗ್ ದಸರಾ ಆದ ಮೇಲೆ ಅಂತ ಓನರ್ ಬರೆದು ಕಳಿಸಿದ್ದಾರೆ. ಹಾಸಿಗೆ ಬಗ್ಗೆ ಏನೂ ಹೇಳಿಲ್ಲ.

ಟೊಳ್ಳು ಪ್ಲಾಸ್ಟರ್ ಕೆಡವಿದಾಗ ಒಳಗೆ ಒಂದು ಕಂಬಿ ಕಾಣಿಸಿತು ಸರ್, ಕೆಂಪಗೆ ತುಕ್ಕು. ಮೇಸ್ತ್ರಿ "ಏನಾಗಲ್ಲ, ಮೆತ್ತಿಬಿಡೋಣ" ಅಂದ. ನಾನು ಬೇಡ ಅಂದೆ, ಹಾಗೇ ಬಿಟ್ಟಿದ್ದೇವೆ.

ಹಳೇ ಸೈಟ್ ಇಂಜಿನಿಯರ್ · ಜುಲೈ 22

ಬೇಡ ಅಂದದ್ದು ಸರಿ. ಮೇಲೆ ಮಾತ್ರ ತುಕ್ಕಾ, ಕಂಬಿಯೇ ತೆಳ್ಳಗಾಗಿ ಪದರ ಪದರ ಎದ್ದಿದೆಯಾ ಅಂತ ನೋಡಬೇಕು. ಮೇಲಿನದಾದರೆ ತಂತಿ ಬ್ರಷ್‌ನಲ್ಲಿ ಉಜ್ಜಿ, ತುಕ್ಕು ತಡೆಯುವ ಕೋಟ್ ಕೊಟ್ಟು, ಆಮೇಲೆ ಮುಚ್ಚಬಹುದು. ತೆಳ್ಳಗಾಗಿದ್ದರೆ ಮೇಸ್ತ್ರಿ ಕೆಲಸ ಅಲ್ಲ, ಒಬ್ಬ ಇಂಜಿನಿಯರ್ ಬಂದು ಕಣ್ಣಿಂದ ನೋಡಬೇಕು, ಫೋಟೊ ನೋಡಿ ನಾನೂ ತೀರ್ಮಾನ ಹೇಳಲಾರೆ. ಅಲ್ಲಿಯವರೆಗೆ ಆ ಮೂಲೆಯ ಕೆಳಗೆ ಯಾರೂ ಮಲಗಬೇಡಿ.

ತುಂಗೆ ತೀರ · ಜುಲೈ 22

ಮಂಚ ಹಾಲ್‌ನಲ್ಲೇ ಇದೆ ಸರ್. ಸ್ಕೇಲ್ ಇಟ್ಟು ಕಂಬಿಯ ಫೋಟೊ ತೆಗೆದು ಇವತ್ತೇ ಓನರ್‌ಗೆ ಕಳಿಸುತ್ತೇನೆ, ಈ ತಿಂಗಳ 30ರೊಳಗೆ ಇಂಜಿನಿಯರ್ ಒಬ್ಬರನ್ನು ಕಳಿಸಿ ಅಂತ ಬರೆದು.